ಸಂದರ್ಶನ: ಗುರುವಾರ ಬೆಳಿಗ್ಗೆ 11ಕ್ಕೆ, ಮಾಚೇನಹಳ್ಳಿ ಘಟಕದಲ್ಲಿ

ಮೇಡಂ, ನಮಸ್ಕಾರ.

ನಿನ್ನೆ ಫೋನಿನಲ್ಲಿ ಮಾತಾಡಿದಂತೆ ಗುರುವಾರ ಬೆಳಿಗ್ಗೆ 11ಕ್ಕೆ ನಿಮ್ಮ ಮಾಚೇನಹಳ್ಳಿ ಘಟಕಕ್ಕೆ ಬರುತ್ತೇನೆ. ಮಾತಿಗೆ 40 ನಿಮಿಷ ಸಾಕು. ಆಮೇಲೆ ಅಡಿಕೆ ಹಾಳೆ ನೆನೆಸಿ, ಬಿಸಿ ಅಚ್ಚಿನಲ್ಲಿ ತಟ್ಟೆ ಒತ್ತುವುದನ್ನು ನೋಡಲು ಹತ್ತು ನಿಮಿಷ ಕೊಡಿ.

ವಿಷಯ ಒಂದೇ. ಅಡಿಕೆ ಹಾಳೆ ತಟ್ಟೆಯನ್ನು ಊಟಕ್ಕೆ ಬಳಸುವಂತಿಲ್ಲ ಎಂದು ಅಮೆರಿಕದ ಎಫ್‌ಡಿಎ 2025ರಲ್ಲಿ ಹೇಳಿತಲ್ವಾ, ಅದರಿಂದ ನಿಮ್ಮ ಕಂಪನಿಯ ರಫ್ತಿಗೆ ಏನಾಯಿತು? ತಟ್ಟೆಗಳ ಪರೀಕ್ಷೆ ಮಾಡಿಸಿದ್ದೀರಾ? ಹಾಳೆ ಹೆಕ್ಕಿ ತರುವ ತೀರ್ಥಹಳ್ಳಿ, ಹೊಸನಗರದ ಮನೆಗಳಿಗೆ ಈಗ ಎಷ್ಟು ದರ ಕೊಡುತ್ತಿದ್ದೀರಿ? ಈ ಕೊನೆಯ ಪ್ರಶ್ನೆ ನನಗೆ ತುಂಬಾ ಮುಖ್ಯ. ಮಳೆಗಾಲಕ್ಕೆ ಮುಂಚೆ ಒಣಗಿಸಿದ ಹಾಳೆಯನ್ನು ಅಟ್ಟದಲ್ಲಿ ಕಟ್ಟು ಕಟ್ಟಿ ಇಟ್ಟುಕೊಂಡು, ಗಾಡಿ ಬರುತ್ತಾ ಎಂದು ಕಾಯುವವರನ್ನು ಕಂಡು ಬಂದಿದ್ದೇನೆ. ದರದ ಲೆಕ್ಕ ಕೈಯಲ್ಲಿರಲಿ.

ನಮ್ಮ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಧ್ವನಿ ಮಾತ್ರ, ವಿಡಿಯೊ ಇಲ್ಲ. ನೀವು ಹೇಳಿದ್ದು ತಪ್ಪಾಗಿ ಅಚ್ಚಾಗಬಾರದು ಅಂತ ಅಷ್ಟೇ. ಆ ರೆಕಾರ್ಡಿಂಗನ್ನು ಎಲ್ಲೂ ಹಾಕುವುದಿಲ್ಲ. ನೀವೂ ರೆಕಾರ್ಡ್ ಮಾಡಿಕೊಳ್ಳಬಹುದು. ಯಾವುದಾದರೂ ಮಾತು ಪತ್ರಿಕೆಗೆ ಬೇಡ ಎಂದರೆ ಹೇಳುವ ಮೊದಲೇ ತಿಳಿಸಿ, ಹೇಳಿದ ಮೇಲೆ ಬೇಡ ಎಂದರೆ ಕಷ್ಟ. ವರದಿಯನ್ನು ಮುಂಚೆ ತೋರಿಸಲು ಆಗುವುದಿಲ್ಲ. ಅಂಕಿಅಂಶ ಮಾತ್ರ ಫೋನಿನಲ್ಲಿ ಓದಿ ಖಚಿತ ಮಾಡಿಕೊಳ್ಳುತ್ತೇನೆ.

ಛಾಯಾಗ್ರಾಹಕರೊಬ್ಬರು ಜೊತೆಗಿರುತ್ತಾರೆ. ಕೆಲಸಗಾರರ ಫೋಟೊವನ್ನು ಅವರನ್ನು ಕೇಳಿಯೇ ತೆಗೆಯುತ್ತೇವೆ.

ರೆಕಾರ್ಡಿಂಗ್‌ಗೆ ಒಪ್ಪಿಗೆ ಇದೆಯಾ ಎಂದು ಬುಧವಾರ ಸಂಜೆಯೊಳಗೆ ಒಂದು ಸಾಲು ಬರೆಯಿರಿ.

ಇಂತಿ,
ಜಿಲ್ಲಾ ವರದಿಗಾರ್ತಿ, ಶಿವಮೊಗ್ಗ