ಅಪಘಾತಕ್ಕೊಳಗಾದ ವಿದ್ಯಾರ್ಥಿನಿಗೆ ಪರೀಕ್ಷಾ ಕೇಂದ್ರ ಬದಲಾವಣೆ ಹಾಗೂ ಎರಡು ವಿಷಯಗಳನ್ನು ಪರೀಕ್ಷೆ-2ರಲ್ಲಿ ಬರೆಯಲು ಅನುಮತಿ ಕೋರಿ ಮನವಿ

ದಿನಾಂಕ: 21-02-2025
ಸ್ಥಳ: ತೀರ್ಥಹಳ್ಳಿ

ಇವರಿಂದ,
ಪ್ರಾಂಶುಪಾಲರು,
ಸರ್ಕಾರಿ ಪದವಿ ಪೂರ್ವ ಕಾಲೇಜು,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ.

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ,
ಮಲ್ಲೇಶ್ವರಂ, ಬೆಂಗಳೂರು – 560003.

ಮೂಲಕ: ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ (ಪದವಿ ಪೂರ್ವ), ಶಿವಮೊಗ್ಗ. (ಸಮಯದ ಅಭಾವದಿಂದ ಮುಂಗಡ ಪ್ರತಿಯನ್ನು ಇಮೇಲ್ ಮೂಲಕ ನೇರವಾಗಿ ಕಳುಹಿಸಲಾಗಿದೆ.)

ಮಾನ್ಯರೇ,

ವಿಷಯ: ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ-1, ಮಾರ್ಚ್ 2025 – ಕು. ಸಿಂಚನಾ ಎಚ್. ಎಂ. ಇವರ ಕೇಂದ್ರ ಬದಲಾವಣೆ, ಲಿಪಿಕಾರರ ನೆರವು ಮತ್ತು ಎರಡು ಪತ್ರಿಕೆಗಳನ್ನು ಪರೀಕ್ಷೆ-2ರಲ್ಲಿ ಬರೆಯುವ ಅನುಮತಿ ಕುರಿತು.

ನಮ್ಮ ಕಾಲೇಜಿನ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ ಕು. ಸಿಂಚನಾ ಎಚ್. ಎಂ. ದಿನಾಂಕ 16-02-2025ರ ಭಾನುವಾರ ಸಂಜೆ ತಂದೆಯ ಜೊತೆ ಬೈಕಿನಲ್ಲಿ ಬರುತ್ತಿದ್ದಾಗ ಎದುರಿನಿಂದ ಬಂದ ಪಿಕಪ್ ವಾಹನ ಡಿಕ್ಕಿ ಹೊಡೆದಿದೆ. ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ಎರಡೂ ಮೂಳೆಗಳು ಮುರಿದು ಚರ್ಮ ಸೀಳಿ ಹೊರಬಂದಿದ್ದವು. ಅದೇ ರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಾಲಿಗೆ ಹೊರಗಿನಿಂದ ಲೋಹದ ಚೌಕಟ್ಟು ಕೂರಿಸಿದ್ದಾರೆ. ನಿನ್ನೆ, ಅಂದರೆ 20ರಂದು, ತೊಡೆಯ ಚರ್ಮ ತೆಗೆದು ಗಾಯಕ್ಕೆ ಕಸಿ ಮಾಡಿದ್ದಾರೆ. ಬಲಗೈ ಮಣಿಕಟ್ಟಿನ ಮೂಳೆಯೂ ಮುರಿದಿದ್ದು ಪ್ಲೇಟ್ ಹಾಕಿ ಪಟ್ಟಿ ಕಟ್ಟಲಾಗಿದೆ. ಆಕೆ ಬಲಗೈಯಲ್ಲಿ ಬರೆಯುವವಳು.

ಪಿಸಿಎಂಬಿ ವಿದ್ಯಾರ್ಥಿನಿಯಾದ ಆಕೆಯ ಪ್ರಾಯೋಗಿಕ ಪರೀಕ್ಷೆಗಳು ಅಪಘಾತಕ್ಕೆ ಮೊದಲೇ ಮುಗಿದಿದ್ದು ಅಂಕಗಳು ದಾಖಲಾಗಿವೆ. ಆದ್ದರಿಂದ ಈ ಮನವಿ ಲಿಖಿತ ಪತ್ರಿಕೆಗಳಿಗೆ ಮಾತ್ರ.

ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ ಇರುವುದರಿಂದ ಒಬ್ಬಳಿಗಾಗಿ ಬೇರೆ ದಿನ ಪರೀಕ್ಷೆ ನಡೆಸಿ ಎಂದು ಕೇಳುವುದು ಸಾಧ್ಯವಿಲ್ಲ, ಕೇಳುತ್ತಲೂ ಇಲ್ಲ. ಆದರೆ ಮಾರ್ಚ್ 1ರ ಕನ್ನಡ ಮತ್ತು ಮಾರ್ಚ್ 3ರ ಗಣಿತ ಪತ್ರಿಕೆಗಳಿಗೆ ಆಕೆ ಹಾಜರಾಗುವಂತಿಲ್ಲ. ಕಸಿ ಮಾಡಿದ ಚರ್ಮ ಹಿಡಿದುಕೊಳ್ಳುವವರೆಗೆ ಕಾಲನ್ನು ಎತ್ತರದಲ್ಲಿಟ್ಟು ಮಲಗಿರಬೇಕು. ಕೆಳಗೆ ಇಳಿಬಿಟ್ಟರೆ ಕಾಲು ಊದಿ, ಕಸಿಯ ಅಡಿಯಲ್ಲಿ ರಕ್ತ ಸೇರಿ, ಚರ್ಮ ಎದ್ದು ಬರುತ್ತದೆ. ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮಾರ್ಚ್ 5ರವರೆಗೆ ಕೂರಿಸಬಾರದು, ಆನಂತರ ಕಾಲಿಗೆ ಆಸರೆ ಕೊಟ್ಟು ಕೂರಿಸಬಹುದು ಎಂದು ಚಿಕಿತ್ಸೆ ನೀಡುತ್ತಿರುವ ಮೂಳೆತಜ್ಞರು ದಿನಾಂಕ ನಮೂದಿಸಿಯೇ ಬರೆದುಕೊಟ್ಟಿದ್ದಾರೆ. ‘ಕೆಲವು ವಾರ ವಿಶ್ರಾಂತಿ’ ಎಂದಷ್ಟೇ ಇದ್ದ ಮೊದಲ ಪ್ರಮಾಣಪತ್ರವನ್ನು ನಾವೇ ಹಿಂತಿರುಗಿಸಿ, ಯಾವ ದಿನದವರೆಗೆ, ಯಾವ ಕಾರಣಕ್ಕೆ ಎಂಬುದನ್ನು ಸ್ಪಷ್ಟಪಡಿಸಿಕೊಂಡು ತಂದಿದ್ದೇವೆ.

ಆದ್ದರಿಂದ ಕನ್ನಡ ಮತ್ತು ಗಣಿತವನ್ನು ಪರೀಕ್ಷೆ-2ರಲ್ಲಿ ಬರೆಯಲು ಅನುಮತಿ ನೀಡಬೇಕು. ಉಳಿದ ನಾಲ್ಕು ವಿಷಯಗಳನ್ನು, ಅಂದರೆ ಮಾರ್ಚ್ 7ರ ಭೌತಶಾಸ್ತ್ರ, 12ರ ರಸಾಯನಶಾಸ್ತ್ರ, 15ರ ಇಂಗ್ಲಿಷ್ ಮತ್ತು 18ರ ಜೀವಶಾಸ್ತ್ರವನ್ನು ಈಗಲೇ ಬರೆಯಲು ಅವಕಾಶ ಕೊಡಬೇಕು. ಎರಡು ಪತ್ರಿಕೆಗಳ ಗೈರುಹಾಜರಿಯ ಕಾರಣ ಇಡೀ ಪರೀಕ್ಷೆಯಿಂದ ಆಕೆಯನ್ನು ಹೊರಗಿಟ್ಟಂತೆ ದಾಖಲಾಗದಿರಲಿ. ಆರೂ ವಿಷಯ ಮುಂದಕ್ಕೆ ಹಾಕಿ ಎಂದು ಕೇಳುವುದು ನಮಗೆ ಸುಲಭವಿತ್ತು. ಆದರೆ ನಾಲ್ಕಕ್ಕೆ ತಯಾರಾಗಿ ನಿಂತಿರುವ ಹುಡುಗಿಯನ್ನು ಮಲಗಿಸಿ ಎರಡು ತಿಂಗಳು ಕಾಯಿಸುವುದು ನ್ಯಾಯವಲ್ಲ.

ಎರಡನೆಯದು ಕೇಂದ್ರದ ವಿಷಯ. ಆಕೆಗೆ ತೀರ್ಥಹಳ್ಳಿಯ ಕೇಂದ್ರ ನಿಗದಿಯಾಗಿದೆ. ಬಿಡುಗಡೆಯಾದ ಮೇಲೂ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಇರುವುದರಿಂದ ಶಿವಮೊಗ್ಗದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾಳೆ. ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ.; ಚೌಕಟ್ಟು ಹಾಕಿದ ಕಾಲಿನಲ್ಲಿ ಪ್ರತಿ ಪತ್ರಿಕೆಗೂ ಹೋಗಿಬರುವುದು ಆಗದ ಮಾತು. ಶಿವಮೊಗ್ಗ ನಗರದಲ್ಲಿ, ಮೆಗ್ಗಾನ್ ಆಸ್ಪತ್ರೆಗೆ ಹತ್ತಿರದ ಯಾವುದೇ ಕೇಂದ್ರ ಕೊಟ್ಟರೂ ಒಪ್ಪಿಗೆಯಿದೆ. ನಿರ್ದಿಷ್ಟ ಕಾಲೇಜಿನ ಹೆಸರನ್ನು ಬೇಕೆಂದೇ ಸೂಚಿಸಿಲ್ಲ: ಎಲ್ಲಿ ನೆಲಮಹಡಿಯ ಕೊಠಡಿಯಿದೆ, ಗಾಲಿಕುರ್ಚಿ ಒಳಗೆ ಬರುತ್ತದೆ ಎಂಬುದು ಉಪನಿರ್ದೇಶಕರ ಕಚೇರಿಗೆ ಚೆನ್ನಾಗಿ ಗೊತ್ತು.

ಆದೇಶದ ಪ್ರತಿ ಎರಡೂ ಕೇಂದ್ರಗಳ ಮುಖ್ಯ ಅಧೀಕ್ಷಕರಿಗೆ ಹೋಗಲೇಬೇಕೆಂದು ವಿಶೇಷವಾಗಿ ಕೋರುತ್ತೇನೆ. ಹೊಸ ಕೇಂದ್ರಕ್ಕೆ ಮಾತ್ರ ಹೋದರೆ ಹಳೆಯ ಕೇಂದ್ರದ ಪಟ್ಟಿಯಲ್ಲಿ ‘ಗೈರು’ ಎಂದು, ಹೊಸದರಲ್ಲಿ ‘ಹಾಜರು’ ಎಂದು ಬಿದ್ದು, ಒಂದೇ ನೋಂದಣಿ ಸಂಖ್ಯೆಗೆ ಎರಡು ದಾಖಲೆಯಾಗುತ್ತದೆ. ಫಲಿತಾಂಶ ತಡೆಹಿಡಿಯಲು ಅಷ್ಟು ಸಾಕು. ಹಾಗೆಯೇ ಹೊಸ ಕೇಂದ್ರಕ್ಕೆ ಹೋಗುವ ಪ್ರಶ್ನೆಪತ್ರಿಕೆ ಮತ್ತು ಉತ್ತರ ಪತ್ರಿಕೆಗಳ ಲೆಕ್ಕದಲ್ಲೂ ಈಕೆಯನ್ನು ಸೇರಿಸಬೇಕು.

ಬರವಣಿಗೆಗೆ ಲಿಪಿಕಾರರನ್ನು ಒದಗಿಸಬೇಕು. ತಾತ್ಕಾಲಿಕ ಗಾಯವು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ವ್ಯಾಖ್ಯೆಯೊಳಗೆ ನೇರವಾಗಿ ಬರುವುದಿಲ್ಲ ಎಂಬುದು ನನಗೆ ತಿಳಿದಿದೆ. ಆದರೂ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ 29-08-2018ರ ಮಾರ್ಗಸೂಚಿಯಲ್ಲಿ ಲಿಪಿಕಾರರ ಮೂಲಕ ಬರೆಸುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂಬ ಅಳತೆಯಿದೆ. ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ. ಮಾನವೀಯ ನೆಲೆಯಲ್ಲಿ ಅದೇ ಅಳತೆಯನ್ನು ಇಲ್ಲಿಗೂ ಅನ್ವಯಿಸಬೇಕೆಂಬುದು ವಿನಂತಿ. ಲಿಪಿಕಾರ್ತಿಯಾಗಿ ಪ್ರಥಮ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳ ಗುರುತಿನ ಚೀಟಿ, ಒಪ್ಪಿಗೆ ಪತ್ರ ಲಗತ್ತಿಸಿದೆ. ಮಂಡಳಿಯೇ ಬೇರೆಯವರನ್ನು ನೇಮಿಸಿದರೂ ಆಕ್ಷೇಪವಿಲ್ಲ.

ಚಿತ್ರಗಳ ವಿಚಾರದಲ್ಲಿ ಲಿಖಿತ ಸ್ಪಷ್ಟನೆ ಬೇಕು. ಭೌತಶಾಸ್ತ್ರದ ಕಿರಣಚಿತ್ರ, ಜೀವಶಾಸ್ತ್ರದ ಅಂಡಾಶಯದ ಸೀಳುನೋಟ ಇವನ್ನು ಬಾಯಲ್ಲಿ ಹೇಳಿ ಬರೆಸುವಾಗ ಲಿಪಿಕಾರ್ತಿ ಗೆರೆ ಎಳೆಯಬಹುದೇ, ಭಾಗಗಳ ಹೆಸರು ಮಾತ್ರ ಬರೆಯಬೇಕೇ ಎಂಬ ಗೊಂದಲ ಪರೀಕ್ಷೆಯ ನಡುವೆ ಎದ್ದರೆ ಕೊಠಡಿ ಮೇಲ್ವಿಚಾರಕರು ಫೋನ್ ಮಾಡಿ ಕೇಳುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಬಾಯಿಬಿಟ್ಟು ಹೇಳಿ ಬರೆಸುವುದರಿಂದ ಪ್ರತ್ಯೇಕ ಕೊಠಡಿ ಅಗತ್ಯ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಗ್ರಂಥಾಲಯವನ್ನೋ ಪ್ರಯೋಗಾಲಯವನ್ನೋ ಬಿಟ್ಟುಕೊಡುತ್ತಾರೆ, ಅಲ್ಲಿ ಕ್ಯಾಮೆರಾ ಇರುವುದಿಲ್ಲ. ದಯವಿಟ್ಟು ಕ್ಯಾಮೆರಾ ಇರುವ ಕೊಠಡಿಯನ್ನೇ ಕೊಡಿ. ನಾಳೆ ಯಾರೂ ಆಕೆಯ ಅಂಕಗಳ ಬಗ್ಗೆ ಬೆರಳು ತೋರಿಸುವಂತಾಗಬಾರದು. ಕಾಲು ಚಾಚಿಡಲು ಕುರ್ಚಿಯ ಮಟ್ಟದ ಒಂದು ಸ್ಟೂಲು ಮತ್ತು ದಿಂಬನ್ನು ಮನೆಯವರೇ ತರುತ್ತಾರೆ. ತಪಾಸಣೆಯ ವೇಳೆ ಕಾಲಿನ ಚೌಕಟ್ಟಿನ ಪಟ್ಟಿಯನ್ನು ಬಿಚ್ಚಿಸಬಾರದು, ವೈದ್ಯರು ಬರೆದ ನೋವಿನ ಮಾತ್ರೆಯನ್ನು ಒಳಗೆ ಬಿಡಬೇಕು.

ಸಹಿಯ ಬಗ್ಗೆಯೂ ಒಂದು ಮಾತು. ಲಗತ್ತಿಸಿರುವ ಆಕೆಯ ಪತ್ರದಲ್ಲಿರುವ ಸಹಿ ಎಡಗೈಯದ್ದು. ‘ಸಿಂ’ ಅಕ್ಷರದ ಸೊನ್ನೆ ಗೆರೆಯಿಂದ ಆಚೆ ಹೋಗಿದೆ, ಪ್ರವೇಶ ಪತ್ರದ ಸಹಿಗೆ ತಾಳೆಯಾಗುವುದಿಲ್ಲ. ಕೇಂದ್ರದಲ್ಲಿ ಹಾಜರಿ ಹಾಳೆಗೆ ಎಡಗೈ ಹೆಬ್ಬೆಟ್ಟಿನ ಗುರುತು ಪಡೆದು, ಮೇಲ್ವಿಚಾರಕರು ದೃಢೀಕರಿಸಲು ಆದೇಶದಲ್ಲೇ ಸೂಚಿಸಬೇಕು.

ಕೇಂದ್ರ ಬದಲಾವಣೆಗೆ ಕಾಲಾವಕಾಶ ಸಾಲದಿದ್ದರೆ, ಲಿಪಿಕಾರರು ಮತ್ತು ನೆಲಮಹಡಿಯ ಕೊಠಡಿಯನ್ನಾದರೂ ತೀರ್ಥಹಳ್ಳಿಯ ಕೇಂದ್ರದಲ್ಲೇ ಮಂಜೂರು ಮಾಡಿ. ಪೋಷಕರು ಆ ನಾಲ್ಕು ಪತ್ರಿಕೆಗಳಿಗೆ ಹಿಂದಿನ ದಿನವೇ ಆಂಬುಲೆನ್ಸ್‌ನಲ್ಲಿ ಕರೆತರಲು ಒಪ್ಪಿದ್ದಾರೆ.

26ರಂದು ಮಹಾಶಿವರಾತ್ರಿಯ ರಜೆ ಇರುವುದರಿಂದ 27ರ ಗುರುವಾರ ಸಂಜೆಯೊಳಗೆ ಆದೇಶ ತಲುಪಿದರೆ, ಮಾರ್ಚ್ 1ರ ಗೈರನ್ನು ಮುಂಚಿತವಾಗಿ ತಿಳಿಸಲು ಅನುಕೂಲ. ಹೆಚ್ಚಿನ ದಾಖಲೆ ಬೇಕಾದಲ್ಲಿ ಕಾಲೇಜಿನ ಅಧಿಕೃತ ಇಮೇಲ್‌ಗೆ ತಿಳಿಸಿದರೆ ಅದೇ ದಿನ ಕಳುಹಿಸುತ್ತೇವೆ.

ಲಗತ್ತು: ಪ್ರವೇಶ ಪತ್ರದ ನಕಲು (ನೋಂದಣಿ ಸಂಖ್ಯೆ ಇದರಲ್ಲಿದೆ); ಮೊಹರು ಮತ್ತು ವೈದ್ಯಕೀಯ ನೋಂದಣಿ ಸಂಖ್ಯೆ ಇರುವ ವೈದ್ಯರ ಪ್ರಮಾಣಪತ್ರ; ಎಕ್ಸ್‌-ರೇ ಮತ್ತು ಶಸ್ತ್ರಚಿಕಿತ್ಸಾ ಟಿಪ್ಪಣಿಯ ನಕಲು; ಎಫ್‌ಐಆರ್ ನಕಲು; ವಿದ್ಯಾರ್ಥಿನಿ ಮತ್ತು ಪೋಷಕರ ಮನವಿ; ಲಿಪಿಕಾರ್ತಿಯ ಗುರುತಿನ ಚೀಟಿ ಹಾಗೂ ಒಪ್ಪಿಗೆ. ಎಲ್ಲವನ್ನೂ ಮೂಲದೊಂದಿಗೆ ತಾಳೆ ನೋಡಿ ದೃಢೀಕರಿಸಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ ಮತ್ತು ಮೊಹರು)
ಪ್ರಾಂಶುಪಾಲರು

ಪ್ರತಿ: ಮುಖ್ಯ ಅಧೀಕ್ಷಕರು, ತೀರ್ಥಹಳ್ಳಿ ಪರೀಕ್ಷಾ ಕೇಂದ್ರ – ಮಾಹಿತಿಗಾಗಿ.