ಶರಣಪ್ಪನವರ ಹೊಸ ಹಾರ್ಟ್ ಫೇಲ್ಯೂರ್ ಮತ್ತು ಮಾತ್ರೆ ಬದಲಾವಣೆ

ಹೃದ್ರೋಗ ವಿಭಾಗ, ಕಲಬುರಗಿ
18 ಮಾರ್ಚ್ 2025

ಡಾಕ್ಟರ್ ಬಸವರಾಜ ಅವರಿಗೆ, ಸೇಡಂ
ನಮಸ್ಕಾರ ಸರ್,

ನೀವು ಕಳಿಸಿದ ಶರಣಪ್ಪನವರನ್ನು (62 ವರ್ಷ) ನಾಲ್ಕು ದಿನ ಇಟ್ಟುಕೊಂಡು ಇಂದು ಮನೆಗೆ ಕಳಿಸುತ್ತಿದ್ದೇನೆ. ಅವರಿಗೆ ಹಾರ್ಟ್ ಫೇಲ್ಯೂರ್ ಇದೆ. ನಿಮ್ಮ ಅನುಮಾನ ಸರಿಯಾಗಿತ್ತು.

ಎಕೋದಲ್ಲಿ ಇಎಫ್ 30%. ಎಡ ಕುಹರ ಹಿಗ್ಗಿದೆ, ಮುಂಗೋಡೆ ಸರಿಯಾಗಿ ಅಲುಗುತ್ತಿಲ್ಲ. ಇಸಿಜಿಯಲ್ಲಿ ಹಳೆ ಅಟ್ಯಾಕ್‌ನ ಗುರುತಿದೆ. ಎದೆ ನೋವು ಬಂದದ್ದೇ ನೆನಪಿಲ್ಲ ಅಂತಾರೆ. ಸಕ್ಕರೆ ಇರುವವರಲ್ಲಿ ಇದು ನಿಮಗೆ ಹೊಸದಲ್ಲ. ಕ್ರಿಯಾಟಿನಿನ್ 1.1, ಪೊಟ್ಯಾಸಿಯಂ 4.3, ಎಚ್‌ಬಿಎ1ಸಿ 7.8. ಬಂದಾಗ ತೂಕ 72 ಕೆಜಿ, ಈಗ 68. ತೇಕು ಇಳಿದಿದೆ, ದಿಂಬು ಒಂದೇ ಸಾಕಾಗುತ್ತಿದೆ. ಬಿಪಿ 112/70, ನಾಡಿ 74.

ಮೊದಲು ನಿಲ್ಲಿಸಿದವು. ಟೆಲ್ಮಿಸಾರ್ಟಾನ್-ಆಮ್ಲೋಡಿಪಿನ್ ಮಾತ್ರೆ ಬೇಡ. ಸಕ್ಕರೆಯ ಮೂರು ಕೂಡಿದ ಮಾತ್ರೆಯಲ್ಲಿ ಪಿಯೋಗ್ಲಿಟಝೋನ್ ಇತ್ತು, ಅದು ನೀರು ಹಿಡಿಸುತ್ತದೆ. ಅದನ್ನೂ ಬಿಡಿಸಿದ್ದೇನೆ. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರಂತೆ, ನಿಮಗೂ ಹೇಳಿರಲಿಕ್ಕಿಲ್ಲ. ಇನ್ನು ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಮನೆಯಲ್ಲಿ ಹಳೆ ಸ್ಟ್ರಿಪ್‌ಗಳು ಉಳಿದಿವೆ. ಹೊಸದರ ಜೊತೆ ಹಳೆಯದನ್ನೂ ನುಂಗಿದರೆ ಬಿಪಿ ಕುಸಿಯುತ್ತದೆ. ಮೊದಲ ಭೇಟಿಗೆ ಎಲ್ಲಾ ಮಾತ್ರೆ ಚೀಲದಲ್ಲಿ ತರಲು ಹೇಳಿದ್ದೇನೆ, ದಯವಿಟ್ಟು ನೀವೇ ಒಮ್ಮೆ ನೋಡಿ.

ಈಗ ನಡೆಯುತ್ತಿರುವವು: ಸ್ಯಾಕುಬಿಟ್ರಿಲ್-ವಲ್ಸಾರ್ಟಾನ್ 50 ಮಿಗ್ರಾಂ ದಿನಕ್ಕೆ ಎರಡು ಸಲ, ಮೆಟೊಪ್ರೊಲಾಲ್ ಸಕ್ಸಿನೇಟ್ 25 ಒಂದು ಸಲ, ಸ್ಪೈರೊನೊಲ್ಯಾಕ್ಟೋನ್ 25 ಮತ್ತು ಡಪಾಗ್ಲಿಫ್ಲೋಜಿನ್ 10 ಬೆಳಿಗ್ಗೆ, ಟಾರ್ಸೆಮೈಡ್ 20 ಬೆಳಿಗ್ಗೆ. ಜೊತೆಗೆ ಆಸ್ಪಿರಿನ್ 75, ಅಟೊರ್ವಾಸ್ಟಾಟಿನ್ 40, ಮೆಟ್‌ಫಾರ್ಮಿನ್ 500 ಎರಡು ಸಲ.

ಒಂದು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮಾಡಿಸಿ. ಪೊಟ್ಯಾಸಿಯಂ 5.5 ದಾಟಿದರೆ ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿ ನನಗೆ ಫೋನ್ ಮಾಡಿ. ಕ್ರಿಯಾಟಿನಿನ್ 30% ಒಳಗೆ ಏರಿದರೆ ಮಾತ್ರೆ ನಿಲ್ಲಿಸುವುದು ಬೇಡ. ತಲೆ ಸುತ್ತದಿದ್ದರೆ ಬಿಪಿ 100 ಇದ್ದರೂ ಗಾಬರಿ ಬೇಡ. ಎರಡು ವಾರಕ್ಕೆ ನಾಡಿ 60ಕ್ಕಿಂತ ಜಾಸ್ತಿ ಇದ್ದು ಕಾಲು ಬಾತಿರದಿದ್ದರೆ ಮೆಟೊಪ್ರೊಲಾಲ್ 50 ಮಾಡಬಹುದು. ಉಳಿದದ್ದನ್ನು ನಾನು ಏರಿಸುತ್ತೇನೆ.

ಬೆಳಿಗ್ಗೆ ದಿನಾ ತೂಕ ನೋಡಲು ಸೊಸೆಗೆ ಕಲಿಸಿದ್ದೇವೆ. ಮೂರು ದಿನದಲ್ಲಿ 2 ಕೆಜಿ ಏರಿದರೆ ಟಾರ್ಸೆಮೈಡ್ 40 ಕೊಡಿ. ಆದರೆ ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇನಲ್ಲಿ ತೂಕ ಇಳಿದು ತಲೆ ಸುತ್ತಿದರೆ ಅದನ್ನೇ ಅರ್ಧಕ್ಕಿಳಿಸಿ. ವಾಂತಿ-ಭೇದಿ ಆದ ದಿನ ಡಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ಟಾರ್ಸೆಮೈಡ್ ಬೇಡ. ರೊಟ್ಟಿ ಬಿಡಬೇಕಿಲ್ಲ, ಉಪ್ಪಿನಕಾಯಿ, ಹಪ್ಪಳ ಬಿಡಲಿ. ಶೇಂಗಾ ಚಟ್ನಿಗೆ ಉಪ್ಪು ಕಡಿಮೆ ಹಾಕಲಿ.

ಮನೆಯವರು ‘ಹಾರ್ಟ್ ಫೇಲ್’ ಅಂದ ಕೂಡಲೇ ಅತ್ತುಬಿಟ್ಟರು. ಹೃದಯ ನಿಂತಿಲ್ಲ, ಪಂಪ್ ಸೋತಿದೆ ಅಂತ ಹೇಳಿದ್ದೇನೆ. ನಿಮ್ಮ ಬಾಯಿಂದಲೂ ಒಮ್ಮೆ ಕೇಳಿದರೆ ಧೈರ್ಯ ಬರುತ್ತದೆ.

ಏಪ್ರಿಲ್ 2ಕ್ಕೆ ಆಂಜಿಯೋಗ್ರಾಂ ಇಟ್ಟುಕೊಂಡಿದ್ದೇನೆ, ಬಿಪಿಎಲ್ ಕಾರ್ಡ್ ತರಲಿ. ಮೂರು ತಿಂಗಳಿಗೆ ಮತ್ತೆ ಎಕೋ.

ನಿಮ್ಮ,
ಡಾ. ಮಲ್ಲಿಕಾರ್ಜುನ
ಹೃದ್ರೋಗ ತಜ್ಞ