ಹೊಸ ಪಾಲುದಾರರ ಸೇರ್ಪಡೆ: ಬಿಡಿಸಿದ ಲೆಕ್ಕ

ಪ್ರಶ್ನೆ: ದಾವಣಗೆರೆಯ ಸುರೇಶ ಮತ್ತು ಮಂಜು 3:2ರಲ್ಲಿ ಲಾಭ ಹಂಚಿಕೊಳ್ಳುವ ಪಾಲುದಾರರು. 31-3-2024ರ ಅಢಾವೆ ಪತ್ರಿಕೆ ಹೀಗಿದೆ.

| ಜವಾಬ್ದಾರಿಗಳು | ರೂ. | ಆಸ್ತಿಗಳು | ರೂ. |
|---|---|---|---|
| ಧನಿಗಳು | 40,000 | ನಗದು | 20,000 |
| ಪಾವತಿಸಬೇಕಾದ ಹುಂಡಿ | 10,000 | ಋಣಿಗಳು | 50,000 |
| ಸಾಮಾನ್ಯ ಮೀಸಲು ನಿಧಿ | 20,000 | ದಾಸ್ತಾನು | 40,000 |
| ಬಂಡವಾಳ: ಸುರೇಶ | 1,00,000 | ಯಂತ್ರಗಳು | 60,000 |
| ಬಂಡವಾಳ: ಮಂಜು | 80,000 | ಕಟ್ಟಡ | 80,000 |
| ಒಟ್ಟು | 2,50,000 | ಒಟ್ಟು | 2,50,000 |

1-4-2024ರಂದು ರೇಖಾ 1/5 ಪಾಲಿಗೆ ಸೇರುತ್ತಾರೆ. ಬಂಡವಾಳವಾಗಿ 60,000, ಗುಡ್‌ವಿಲ್‌ನ ತಮ್ಮ ಪಾಲಾಗಿ 25,000 ರೂ. ನಗದು ತರುತ್ತಾರೆ. ಗುಡ್‌ವಿಲ್‌ನ ಅರ್ಧವನ್ನು ಹಳೇ ಪಾಲುದಾರರು ಹಿಂತೆಗೆಯುತ್ತಾರೆ. ಯಂತ್ರಕ್ಕೆ 10% ಸವಕಳಿ, ಕಟ್ಟಡ 20% ಏರಿಕೆ, ದಾಸ್ತಾನು 2,500 ಇಳಿಕೆ, ಋಣಿಗಳ ಮೇಲೆ 5% ಸಂಶಯಾತ್ಮಕ ಸಾಲದ ನಿಧಿ. ಬೇಕಾದ ಖಾತೆಗಳನ್ನೂ ಹೊಸ ಅಢಾವೆ ಪತ್ರಿಕೆಯನ್ನೂ ತಯಾರಿಸಿ.

ಉತ್ತರ

ಮೊದಲು ತ್ಯಾಗದ ಅನುಪಾತ. ರೇಖಾಗೆ 1/5 ಹೋದರೆ ಉಳಿಯುವುದು 4/5. ಸುರೇಶ 4/5 × 3/5 = 12/25, ಮಂಜು 4/5 × 2/5 = 8/25. ಹೊಸ ಅನುಪಾತ 12:8:5. ಸುರೇಶ ಬಿಟ್ಟದ್ದು 15/25 – 12/25 = 3/25, ಮಂಜು ಬಿಟ್ಟದ್ದು 10/25 – 8/25 = 2/25. ಅಂದರೆ 3:2, ಹಳೇದೇ. ರೇಖಾ ಯಾರಿಂದ ಎಷ್ಟು ಪಡೆದರು ಅಂತ ಪ್ರಶ್ನೆ ಹೇಳದಿದ್ದರೆ ಯಾವಾಗಲೂ ಹೀಗೇ ಬರುತ್ತದೆ.

ಪುನರ್‌ಮೌಲ್ಯಮಾಪನ ಖಾತೆ

ಡೆಬಿಟ್: ಯಂತ್ರ 6,000, ದಾಸ್ತಾನು 2,500, ಸಂಶಯಾತ್ಮಕ ಸಾಲದ ನಿಧಿ 2,500, ಲಾಭ 5,000 (ಸುರೇಶ 3,000, ಮಂಜು 2,000). ಒಟ್ಟು 16,000.
ಕ್ರೆಡಿಟ್: ಕಟ್ಟಡ 16,000.

ಈ ಲಾಭ ರೇಖಾ ಬರುವ ಮುಂಚಿನದು, ಅವರಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಮೀಸಲು ನಿಧಿಯೂ ಅಷ್ಟೇ.

ಬಂಡವಾಳ ಖಾತೆಗಳು

| ವಿವರ | ಸುರೇಶ | ಮಂಜು | ರೇಖಾ |
|---|---|---|---|
| ಆರಂಭದ ಶಿಲ್ಕು | 1,00,000 | 80,000 | – |
| ನಗದು | – | – | 60,000 |
| ಮೀಸಲು ನಿಧಿ | 12,000 | 8,000 | – |
| ಗುಡ್‌ವಿಲ್ | 15,000 | 10,000 | – |
| ಪುನರ್‌ಮೌಲ್ಯಮಾಪನ ಲಾಭ | 3,000 | 2,000 | – |
| ಒಟ್ಟು ಕ್ರೆಡಿಟ್ | 1,30,000 | 1,00,000 | 60,000 |
| ಡೆಬಿಟ್: ಹಿಂತೆಗೆದ ನಗದು | 7,500 | 5,000 | – |
| ಅಂತಿಮ ಶಿಲ್ಕು | 1,22,500 | 95,000 | 60,000 |

1/5ಕ್ಕೆ 25,000 ಅಂದರೆ ಸಂಸ್ಥೆಯ ಗುಡ್‌ವಿಲ್ 1,25,000 ಅಲ್ವಾ, ಅದನ್ನೂ ಆಸ್ತಿ ಕಡೆ ಬರೆಯೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ಬರೆಯಬೇಡಿ. ಸಂಸ್ಥೆ ತಾನೇ ಗಳಿಸಿದ ಗುಡ್‌ವಿಲ್ ಅನ್ನು ಆಸ್ತಿಯಾಗಿ ತೋರಿಸಲು ಲೆಕ್ಕಪತ್ರ ಮಾನದಂಡ 26 ಒಪ್ಪುವುದಿಲ್ಲ.

ನಗದು: 20,000 + 60,000 + 25,000 – 12,500 = 92,500.

1-4-2024ರ ಅಢಾವೆ ಪತ್ರಿಕೆ

| ಜವಾಬ್ದಾರಿಗಳು | ರೂ. | ಆಸ್ತಿಗಳು | ರೂ. |
|---|---|---|---|
| ಧನಿಗಳು | 40,000 | ನಗದು | 92,500 |
| ಪಾವತಿಸಬೇಕಾದ ಹುಂಡಿ | 10,000 | ಋಣಿಗಳು (50,000 – 2,500) | 47,500 |
| ಸುರೇಶ | 1,22,500 | ದಾಸ್ತಾನು | 37,500 |
| ಮಂಜು | 95,000 | ಯಂತ್ರಗಳು | 54,000 |
| ರೇಖಾ | 60,000 | ಕಟ್ಟಡ | 96,000 |
| ಒಟ್ಟು | 3,27,500 | ಒಟ್ಟು | 3,27,500 |

ನಿಮ್ಮದು 12,500 ಜಾಸ್ತಿ ಬಂದಿದ್ದರೆ ಹಿಂತೆಗೆದ ಹಣ ನಗದಿನಲ್ಲೂ ಬಂಡವಾಳದಲ್ಲೂ ಬಿಟ್ಟುಹೋಗಿದೆ. ಎರಡೂ ಕಡೆ ಬಿಟ್ಟಾಗ ಪತ್ರಿಕೆ ಸುಮ್ನೆ ತಾಳೆಯಾಗುತ್ತದೆ, ತಪ್ಪು ಕಾಣುವುದೇ ಇಲ್ಲ.